ಕರ್ಟನ್ ವಾಲ್ ಸಬ್ಮಿಟಲ್: ಗಾಳಿ ಲೆಕ್ಕದಿಂದ ಆಂಕರ್ ತನಕದ ಸಾರಾಂಶ

ಕೇಳಿದವರು (ಫಸಾಡ್ ಇಂಜಿನಿಯರ್, ಬೆಂಗಳೂರು): ಗಾಜಿನ ಕರ್ಟನ್ ವಾಲ್ ಇರುವ ಕಟ್ಟಡ 50 ಮೀಟರ್ ಎತ್ತರ, ತಳ 24 × 32 ಮೀಟರ್, ಮಹಡಿ ಎತ್ತರ 3.6, ಗಾಜು ಹಿಡಿಯುವ ನಿಲುವು ಚೌಕಟ್ಟು, ಅಂದರೆ ಮಲಿಯನ್‌ಗಳ ಅಂತರ 1.5 ಮೀಟರ್. ಸ್ಟ್ರಕ್ಚರಲ್ ಕನ್ಸಲ್ಟಂಟ್ ನಮ್ಮ ದಪ್ಪ ಫೈಲ್ ವಾಪಸ್ ಕಳಿಸಿ, ಗಾಳಿ ಲೋಡ್ ಮತ್ತು ಆಂಕರ್ ಚೆಕ್ ಎರಡೇ ಪುಟದಲ್ಲಿ ಕೊಡಿ ಅಂದಿದ್ದಾರೆ. ಏನು ಇಡಲಿ, ಏನು ಬಿಡಲಿ?

ಸಬ್ಮಿಟಲ್ ಪರಿಶೀಲಿಸುವ ಕನ್ಸಲ್ಟಂಟ್, ಮೈಸೂರು: ನಾನು ಮೇಜಿನ ಆ ಕಡೆ ಕೂರುವವನು. ನಮಗೆ ಬೇಕಾದದ್ದು ಮಲಿಯನ್ನನ್ನು ಬೀಮಿಗೆ ಹಿಡಿಸುವ ಒಂದೇ ಒಂದು ಬ್ರಾಕೆಟ್‌ನ ಪೂರ್ತಿ ಕಥೆ. ಮೂಲೆಯಲ್ಲಿ, ಮೇಲಿನ ಮಹಡಿಯಲ್ಲಿರುವ ಬ್ರಾಕೆಟ್ ತಗೊಳ್ಳಿ.

ನಮ್ಮ ಗಾಳಿ ಲೋಡ್ ಕೋಡ್ ಐಎಸ್ 875 ಭಾಗ 3, 2015ರ ಪ್ರಕಾರ ಬೆಂಗಳೂರಿಗೆ ಮೂಲ ಗಾಳಿ ವೇಗ 33 ಮೀ/ಸೆ. ಸುತ್ತ ಊರೇ ಇದ್ದರೆ ಟೆರೇನ್ 3, 50 ಮೀಟರ್‌ಗೆ ಎತ್ತರದ ಗುಣಕ k2 1.12. ವೇಗ ಸುಮಾರು 37, ಒತ್ತಡ 0.82 ಕಿಲೊ ಪ್ಯಾಸ್ಕಲ್. ಇದಿಷ್ಟು ಮೂರು ಸಾಲು ಸಾಕು. ಟೆರೇನ್ 3 ಯಾಕೆ ಅನ್ನೋದನ್ನು ಮಾತ್ರ ಒಂದು ವಾಕ್ಯದಲ್ಲಿ ಬರೆಯಿರಿ. ಪಕ್ಕದಲ್ಲಿ ದೊಡ್ಡ ಕೆರೆಯೋ ಬಯಲೋ ಇದ್ದರೆ ನಾನು ಮೊದಲು ಕೇಳೋದು ಅದನ್ನೇ.

ಆಮೇಲೆ ಗಾಳಿಯ ಎಳೆತದ ಗುಣಕ. ಪಕ್ಕದ ಗೋಡೆಯ ನಡುವೆ 0.8, ಮೂಲೆಯಲ್ಲಿ 1.2. ತೆರೆಯುವ ಕಿಟಕಿ ಕಡಿಮೆ ಇದ್ದರೆ ಒಳಗಿನ ಒತ್ತಡಕ್ಕೆ 0.2 ಸೇರಿಸಿ. ಮೂಲೆಯಲ್ಲಿ ಒಟ್ಟು 1.4, ಅಂದರೆ 1.15 ಕಿಲೊ ಪ್ಯಾಸ್ಕಲ್. ನಡುವೆ 0.82.

ಅಲ್ಯುಮಿನಿಯಂ ಫ್ಯಾಬ್ರಿಕೇಟರ್, ಪೀಣ್ಯ: ಮೂಲೆ ಅಂದರೆ ಅಗಲದ ಹತ್ತನೇ ಒಂದು ಭಾಗ ಅಲ್ವಾ? 2.4 ಮೀಟರ್. ಅಲ್ಲಿ ಎರಡು ಮಲಿಯನ್ ಗಟ್ಟಿ ಮಾಡಿದರೆ ಮುಗಿಯಿತು.

ಕನ್ಸಲ್ಟಂಟ್, ಮೈಸೂರು: ಮೂಲೆಗೆ ಬೇರೆ ಲೋಡ್ ಅನ್ನೋದು ಸರಿ. ಆದರೆ ಹತ್ತನೇ ಒಂದು ಭಾಗ ಅಮೆರಿಕದ ಕೋಡಿನದು. ನಮ್ಮ ಕೋಷ್ಟಕದಲ್ಲಿ ಕಾಲು ಭಾಗ. ಇಲ್ಲಿ 6 ಮೀಟರ್, ನಾಲ್ಕು ಪ್ಯಾನೆಲ್. ಎಲಿವೇಶನ್‌ನಲ್ಲಿ ಆ ಪಟ್ಟಿಗೆ ಬಣ್ಣ ಹಾಕಿ ತೋರಿಸಿ.

ಈಗ ಆಂಕರ್. ತಪ್ಪು ಜಾಸ್ತಿ ಸಿಗೋದು ಇಲ್ಲೇ. 1.15 × 1.5 × 3.6 ಅಂದರೆ ಗಾಳಿಯ ಎಳೆತ 6.2 ಕಿಲೊ ನ್ಯೂಟನ್. ಹೆಚ್ಚಿನವರು ಅದನ್ನು ಎರಡು ಆಂಕರ್‌ಗೆ ಹಂಚಿ ಸಹಿ ಹಾಕುತ್ತಾರೆ. ಗಾಜಿನ ತೂಕ ಎಲ್ಲಿ ಹೋಯಿತು? ಡಬಲ್ ಗಾಜು, ಫ್ರೇಮ್ ಸೇರಿ ಚದರ ಮೀಟರ್‌ಗೆ 45 ಕೆಜಿ ಹಿಡಿದರೆ ಒಂದು ಬ್ರಾಕೆಟ್ ಮೇಲೆ 2.4 ಕಿಲೊ ನ್ಯೂಟನ್. ಅದು ಬೀಮ್ ಮುಖದಿಂದ 120 ಮಿಮೀ ಹೊರಗೆ ತೂಗುತ್ತದೆ. ಬ್ರಾಕೆಟ್‌ನ ಕೆಳ ಅಂಚು ಕಾಂಕ್ರೀಟನ್ನು ಒತ್ತುತ್ತದೆ, ಮೇಲಿನ ಆಂಕರ್ ಸಾಲು ಕಿತ್ತು ಬರಲು ನೋಡುತ್ತದೆ. ನಡುವಿನ ಅಂತರ 75 ಮಿಮೀ ಆದರೆ ಇನ್ನೂ 3.8 ಸೇರಿತು. ಒಟ್ಟು 10.0. ಈ ಸಾಲು ಕಾಣದಿದ್ದರೆ ನಾನು ವಾಪಸ್ ಕಳಿಸುತ್ತೇನೆ.

ಸೈಟ್ ಇಂಜಿನಿಯರ್, ಮಂಗಳೂರು: ನಮ್ಮಲ್ಲಿ 39 ಮೀ/ಸೆ. ಉಳಿದದ್ದೆಲ್ಲ ಒಂದೇ ಆದರೂ ಒತ್ತಡ ಸುಮಾರು 40% ಜಾಸ್ತಿ. ಆದರೂ ನಮಗೆ ತೊಂದರೆ ಕೊಟ್ಟದ್ದು ಗಾಳಿಯಲ್ಲ, ಕಂಬಿ. ಡ್ರಿಲ್ ಹಾಕಿದಲ್ಲಿ ಬೀಮಿನ ಮೇಲಿನ ಕಂಬಿ ಸಿಕ್ಕಿತು. ಹುಡುಗರು ತೂತನ್ನು 40 ಮಿಮೀ ಮೇಲಕ್ಕೆ ಸರಿಸಿಬಿಟ್ಟರು. ಅಂಚಿಗೆ 100 ಇದ್ದದ್ದು 60ಕ್ಕೆ ಇಳಿಯಿತು. ಎಳೆದು ನೋಡಿದಾಗ ಬೋಲ್ಟ್ ಗಟ್ಟಿಯಾಗೇ ಇತ್ತು, ಕಾಂಕ್ರೀಟ್ ಚೂರು ಕಿತ್ತು ಬಂತು. ಅದಕ್ಕೇ ಹೇಳೋದು, ಅಂಚಿನ ಕನಿಷ್ಠ ಅಂತರವನ್ನು ಸಾರಾಂಶದಲ್ಲೇ ಬರೆಯಿರಿ. ತೂತು ಸರಿಸಿದರೆ ಯಾರ ಒಪ್ಪಿಗೆ ಬೇಕು ಅನ್ನೋದನ್ನೂ ಬರೆಯಿರಿ.

ಆಂಕರ್ ಡಿಸೈನ್ ಮಾಡುವವರು, ದುಬೈ: ಮಂಗಳೂರಿನ ಸರ್ ಹೇಳಿದ್ದು ನಿಜ. ನಾವು ಇಎನ್ 1992-4 ಪ್ರಕಾರ ಉಕ್ಕು, ಕಿತ್ತು ಬರೋದು, ಕಾಂಕ್ರೀಟ್ ಕೋನ್ ಮತ್ತು ಅಂಚಿನ ಒಡೆತ ಬೇರೆ ಬೇರೆ ತೋರಿಸುತ್ತೇವೆ. ಬಿರುಕು ಬಿಟ್ಟ ಕಾಂಕ್ರೀಟ್ ಅಂತಲೇ ಹಿಡಿಯಿರಿ. ಇನ್ನೊಂದು ವಿಷಯ. ಕಂಪನಿ ಕೊಡುವ ಡಿಸೈನ್ ಬಲದ ಜೊತೆ 1.5 ಗುಣಿಸಿದ ಲೋಡ್ ಹೋಲಿಸಬೇಕು. ಗುಣಿಸದೆ ಹೋಲಿಸಿದ ಪುಟಗಳನ್ನು ತುಂಬಾ ನೋಡಿದ್ದೇನೆ.

ಕೇಳಿದವರು: ದಿಕ್ಕಿನ ಗುಣಕ Kd 0.9 ಹಿಡಿದರೆ ಮೂಲೆ ಒತ್ತಡ 1.03ಕ್ಕೆ ಇಳಿಯುತ್ತದೆ. ಹಿಡಿಯಬಹುದಾ?

ಕನ್ಸಲ್ಟಂಟ್, ಮೈಸೂರು: ಗಾಜು, ಬ್ರಾಕೆಟ್‌ಗೆ ನಾನು 1.0 ಕೇಳುತ್ತೇನೆ. ಮೂಲೆ ಯಾವ ದಿಕ್ಕಿನ ಗಾಳಿಗೂ ಸಿಗಬಹುದು ಅನ್ನೋದು ನನ್ನ ವಾದ.

ಆಂಕರ್ ಡಿಸೈನ್, ದುಬೈ: ಕೋಡ್ 0.9 ಕೊಟ್ಟಿರುವಾಗ ಬೇಡ ಅನ್ನಲು ನನಗೆ ಕಾರಣ ಕಾಣುವುದಿಲ್ಲ. ಶುರುವಿನಲ್ಲೇ ನಿಮ್ಮ ಕನ್ಸಲ್ಟಂಟ್ ಹತ್ತಿರ ಕೇಳಿಬಿಡಿ.

ಕೇಳಿದವರು: ಸರ್ವೆ ಈಗ ಬಂತು. 9ನೇ ಮಹಡಿಯಲ್ಲಿ ಬೀಮ್ 42 ಮಿಮೀ ಒಳಗಿದೆ. 120 ಇದ್ದದ್ದು 162 ಆಯಿತು. ಸಂದಿಗೆ ಶಿಮ್ ತಗಡು ಹಾಕಿದರೆ ಸಾಕಾ?

ಕನ್ಸಲ್ಟಂಟ್, ಮೈಸೂರು: ಶಿಮ್ ಹಾಕಿದರೆ ಲೈನ್ ಸರಿಯಾಗುತ್ತದೆ, ಆಂಕರ್ ಎಳೆತ ಸರಿಯಾಗಲ್ಲ. ಮೂಲೆಯಲ್ಲಿ ಅದು 11.4 ಆಗುತ್ತದೆ. ಆ ಮಹಡಿಗೆ ಇನ್ನೂ ಎತ್ತರದ ಪ್ಲೇಟ್ ಇರುವ ಬ್ರಾಕೆಟ್ ಬೇರೆಯಾಗಿ ಮಾಡಿ, ಸಾರಾಂಶದಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು ಕೊಡಿ. ಉಳಿದ ಮಹಡಿಗಳಿಗೆ 30 ಮಿಮೀ ತನಕ ಮಾತ್ರ ಶಿಮ್ ಅಂತ ಬರೆದು, ಚೆಕ್ ಮಾಡುವಾಗ 150ನ್ನೇ ಹಿಡಿಯಿರಿ.