ಅಮ್ಮನ ಹೆಬ್ಬೆರಳಿನ ಉಗುರಿನಲ್ಲಿ ಕಪ್ಪು ಗೆರೆ, ಸಹಾಯ ಬೇಕು

ಅಮ್ಮನಿಗೆ 58 ವರ್ಷ. ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಕಪ್ಪು ಗೆರೆ ಮೂಡಿದೆ. ಬಾಗಿಲಿಗೆ ಸಿಕ್ಕಿ ರಕ್ತ ಹೆಪ್ಪುಗಟ್ಟಿರಬೇಕು ಎಂದುಕೊಂಡೆವು. ಆದರೆ ಹಾಗಿದ್ದರೆ ಉಗುರು ಬೆಳೆದಂತೆ, ಅಂದರೆ ತಿಂಗಳಿಗೆ ಸುಮಾರು 3 ಮಿ.ಮೀ.ನಂತೆ, ಕಲೆ ಮುಂದಕ್ಕೆ ಸರಿದು ಬುಡದಲ್ಲಿ ಹೊಸ ಉಗುರು ಬಿಳಿಯಾಗಿ ಕಾಣಬೇಕಿತ್ತು. ನಾಲ್ಕು ತಿಂಗಳಿನಿಂದ ಫೋಟೊ ತೆಗೆಯುತ್ತಿದ್ದೇನೆ. ಗೆರೆ ಕದಲಿಲ್ಲ; 2 ಮಿ.ಮೀ. ಅಗಲ ಇದ್ದದ್ದು 4 ಆಗಿದೆ. ಕಳೆದ ವಾರದ ಫೋಟೊದಲ್ಲಿ ಬುಡದ ಚರ್ಮವೂ ಕಪ್ಪಾಗಿದೆ. ನನ್ನ ನಿದ್ದೆ ಕೆಡಿಸಿರುವುದು ಅದೇ.

ಊರಿನ ವೈದ್ಯರು ಶಿಲೀಂಧ್ರದ ಸೋಂಕೆಂದು ಮುಲಾಮು ಕೊಟ್ಟರು. ಎರಡು ತಿಂಗಳು ಹಚ್ಚಿದರೂ ಬದಲಾವಣೆಯಿಲ್ಲ. ಉಗುರು ದಪ್ಪವಾಗಿಲ್ಲ, ಪುಡಿಯಾಗುತ್ತಿಲ್ಲ, ಸೋರಿಯಾಸಿಸ್‌ನಲ್ಲಿ ಕಾಣುವಂಥ ಗುಳಿಗಳೂ ಇಲ್ಲ. ಅಮ್ಮನ ಇನ್ನೆರಡು ಬೆರಳುಗಳಲ್ಲಿ ತೆಳು ಕಂದು ಗೆರೆಗಳು ವರ್ಷಗಳಿಂದ ಹಾಗೆಯೇ ಇವೆ. ನಮ್ಮಂಥ ಮೈಬಣ್ಣದವರಲ್ಲಿ ಅದು ಸಾಮಾನ್ಯವಂತೆ. ಹೆಬ್ಬೆರಳಿನದು ಮಾತ್ರ ಬೇರೆ.

ಈಗ ಚರ್ಮರೋಗ ತಜ್ಞರು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಉಗುರಿನ ಬುಡದಿಂದ ಬಯಾಪ್ಸಿ ಮಾಡಬೇಕು ಎನ್ನುತ್ತಿದ್ದಾರೆ. ಉಗುರೇ ಹೋಗುತ್ತದೆಂದು ಅಮ್ಮ ಒಪ್ಪುತ್ತಿಲ್ಲ. ಈ ಬಯಾಪ್ಸಿ ಮಾಡಿಸಿಕೊಂಡವರು ಇದ್ದೀರಾ? ನಂತರ ಉಗುರು ಸರಿಯಾಗಿ ಬೆಳೆಯಿತೇ, ಸೀಳಿಕೊಂಡು ಬಂದಿತೇ?