ಅಪ್‌ಡೇಟ್: ನಾನೇ ಬರೆದ ಅಧ್ಯಾಯಕ್ಕೆ ಎಐ ಸ್ಕೋರ್ ಜಾಸ್ತಿ ಬಂದದ್ದು

ನನ್ನ ಪ್ರಶ್ನೆ: "ಇಂಗ್ಲಿಷ್ ಥೀಸಿಸ್ ಅಧ್ಯಾಯ ಪೂರ್ತಿ ನಾನೇ ಬರೆದೆ. ಗ್ರಾಮರ್ ಚೆಕರ್ ಬಿಟ್ಟರೆ ಬೇರೇನೂ ಬಳಸಿಲ್ಲ. ಆದರೂ ಎಐ ಸ್ಕೋರ್ ಯಾಕೆ ಇಷ್ಟು?"

ಹಳೆಯ ಡ್ರಾಫ್ಟನ್ನೂ ಚೆಕರ್ ತಿದ್ದಿದ ಪ್ರತಿಯನ್ನೂ, ಬರಹ ಎಐನದ್ದೋ ಅಲ್ಲವೋ ಎಂದು ಅಂದಾಜಿಸಿ ಆ ಸ್ಕೋರ್ ಕೊಟ್ಟ ಅದೇ ಡಿಟೆಕ್ಟರಿಗೆ ಹಾಕಿ ನೋಡಿದೆ. ಡ್ರಾಫ್ಟ್ ಸಲೀಸಾಗಿ ಪಾಸಾಯಿತು, ತಿದ್ದಿದ್ದು ಸಿಕ್ಕಿಬಿತ್ತು. ಬರೀ ಸ್ಪೆಲಿಂಗ್, ಕಾಮಾ ಸರಿ ಮಾಡಿದ ಪ್ರತಿಯ ಸ್ಕೋರ್ ಹೆಚ್ಚುಕಮ್ಮಿ ಡ್ರಾಫ್ಟಿನಷ್ಟೇ. ಅಂದರೆ ಕಿತಾಪತಿಯೆಲ್ಲ ವಾಕ್ಯವನ್ನೇ ಬದಲಿಸುವ 'ರೀರೈಟ್' ಸಲಹೆಗಳದ್ದು.

ನಾನು ಬರೆದದ್ದು 'ರೇನ್ ಕೇಮ್ ಲೇಟ್. ದೇ ಸೋಡ್ ಎನಿವೇ.' ಅದು 'ಡಿಸ್ಪೈಟ್ ದ ಡಿಲೇಯ್ಡ್ ರೈನ್‌ಫಾಲ್, ಫಾರ್ಮರ್ಸ್ ಪ್ರೊಸೀಡೆಡ್ ವಿತ್ ಸೋಯಿಂಗ್' ಆಯಿತು. ತಪ್ಪೇನಿಲ್ಲ, ಆದರೆ ಯಾರು ಬರೆದರೂ ಹೀಗೇ ಇರುತ್ತೆ ಅಲ್ವಾ? ಅನೇಕ ಡಿಟೆಕ್ಟರ್‌ಗಳು ನೋಡುವುದು ಇದನ್ನೇ: ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು, ವಾಕ್ಯಗಳ ಉದ್ದದಲ್ಲಿ ಎಷ್ಟು ಏರುಪೇರಿದೆ. ಚೆಕರ್ ಈ ಏರುಪೇರನ್ನೇ ಸವರಿಬಿಡುತ್ತದೆ. ಈಗಿನ ಎಷ್ಟೋ ಚೆಕರ್‌ಗಳ ಒಳಗೂ ಭಾಷಾ ಮಾಡೆಲ್ಲೇ ಕೂತಿರುತ್ತದೆ, ಅದು ಬೇರೆ ಮಾತು.

ಗೈಡ್ ಹತ್ತಿರ ಸ್ಕೋರ್ ಬಗ್ಗೆ ಸುಮ್ನೆ ವಾದ ಮಾಡಲಿಲ್ಲ. ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿ ತೆರೆದು ತೋರಿಸಿದೆ. ಪ್ಯಾರಾಗಳು ಬೆಳೆದ ರೀತಿ, ಅಳಿಸಿದ ಸಾಲುಗಳು, ಎಲ್ಲಾ ತಾರೀಖಿನ ಸಮೇತ ಇತ್ತು. ಮೇಡಂ ಒಪ್ಪಿದರು. ಆದರೆ ವಾಕ್ಯಗಳನ್ನು ಹಳೆಯ ರೂಪಕ್ಕೆ ತಂದೇ ಸಲ್ಲಿಸು ಅಂದಿದ್ದಾರೆ. ಆ ಕೆಲಸ ಇನ್ನೂ ನಡೆಯುತ್ತಿದೆ.