ಸಹಾಯ ಬೇಕು: ಲಾಭ ಜಾಸ್ತಿ ಇರುವ ಸ್ಟ್ರಾಟಜಿಯೋ, ಕಡಿಮೆ ಬೀಳುವುದೋ?

ನಮಸ್ಕಾರ. 2 ಲಕ್ಷ ಬಂಡವಾಳಕ್ಕೆ ನಿಫ್ಟಿಯಲ್ಲಿ ಎರಡು ಸ್ಟ್ರಾಟಜಿಗಳ 3 ವರ್ಷದ ಬ್ಯಾಕ್‌ಟೆಸ್ಟ್ ಮಾಡಿದ್ದೇನೆ.

ಮೊದಲನೆಯದರ ಲಾಭ 1,80,000. ಆದರೆ ನಡುವೆ ಖಾತೆ 3,10,000ದಿಂದ 1,86,000ಕ್ಕೆ ಇಳಿದಿದೆ. ಅಂದರೆ ಮ್ಯಾಕ್ಸಿಮಮ್ ಡ್ರಾಡೌನ್ 40%. ಅಲ್ಲಿಂದ ಮತ್ತೆ ಹಳೇ ಮಟ್ಟಕ್ಕೆ ಬರಲು ಸುಮಾರು 67% ಗಳಿಸಬೇಕು. ನಿಜವಾದ ದುಡ್ಡಿದ್ದರೆ ನಾನು ಅಲ್ಲೇ ನಿಲ್ಲಿಸಿಬಿಡುತ್ತಿದ್ದೆ. ಶಾರ್ಪ್ ರೇಶಿಯೋ 0.6 ಅಷ್ಟೇ.

ಎರಡನೆಯದರ ಲಾಭ 1,10,000, ಡ್ರಾಡೌನ್ 12%, ಶಾರ್ಪ್ 1.1. ನನ್ನ ಮನಸ್ಸು ಇದರ ಕಡೆಗೇ ಇದೆ. ಗೆದ್ದ ಟ್ರೇಡ್‌ಗಳ ಮೊತ್ತ 2,75,000, ಸೋತವುಗಳದ್ದು 1,65,000. ಹಾಗಾಗಿ ಪ್ರಾಫಿಟ್ ಫ್ಯಾಕ್ಟರ್ 1.67. ಆದರೆ ಒಟ್ಟು ಟ್ರೇಡ್ ಬರೀ 42. ಅದರಲ್ಲಿ ಎರಡೇ ಟ್ರೇಡ್‌ಗಳಿಂದ 70,000 ಬಂದಿದೆ. ಅವನ್ನು ತೆಗೆದರೆ ಫ್ಯಾಕ್ಟರ್ 1.24ಕ್ಕೆ ಬೀಳುತ್ತದೆ. ಬ್ರೋಕರೇಜ್, ಸ್ಲಿಪೇಜ್ ಇನ್ನೂ ಕಳೆದಿಲ್ಲ.

ಇಷ್ಟು ಕಡಿಮೆ ಟ್ರೇಡ್ ಇರುವಾಗ ಈ ಅಂಕಿಗಳನ್ನು ನಂಬಬಹುದಾ? ನೀವು ಎಷ್ಟು ಟ್ರೇಡ್ ಆದ ಮೇಲೆ ಪ್ರಾಫಿಟ್ ಫ್ಯಾಕ್ಟರ್ ನೋಡುತ್ತೀರಿ? ಅನುಭವ ಇರುವವರು ದಯವಿಟ್ಟು ತಿಳಿಸಿ.